ಕಪ್ಪು ಪೆಟ್ಟಿಗೆ ಹೇಳುವುದೆಷ್ಟು, ಹೇಳದಿರುವುದೆಷ್ಟು

ವಿಮಾನ ಅಪಘಾತವಾದ ಎರಡು ಮೂರು ದಿನಕ್ಕೆ ಟಿವಿಯಲ್ಲಿ ಒಂದು ಸಾಲು ಓಡತೊಡಗುತ್ತದೆ: ‘ಬ್ಲ್ಯಾಕ್ ಬಾಕ್ಸ್ ಸಿಕ್ಕಿದೆ, ಇನ್ನು ಸತ್ಯ ಹೊರಬೀಳಲಿದೆ’. ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಚೀಟಿಯಲ್ಲಿ ಕಾರಣ ಬರೆದಿಟ್ಟಿರುತ್ತದೆ ಎಂಬಂತೆ. ನಮ್ಮ ತಕರಾರು ಈ ಸಾಲಿನ ಮೇಲೆಯೇ. ಪೆಟ್ಟಿಗೆಯಲ್ಲಿ ಕಾರಣ ಇರುವುದಿಲ್ಲ. ಯಾವ ಕ್ಷಣದಲ್ಲಿ ಏನಾಯಿತು, ಯಾರು ಏನೆಂದರು ಎಂಬುದು ಇರುತ್ತದೆ. ಅದನ್ನು ಜೋಡಿಸಿ, ಬೇರೆ ಕಾಗದಗಳ ಪಕ್ಕದಲ್ಲಿಟ್ಟು ನೋಡಿದ ಮೇಲೆ ಕಾರಣ ಕಾಣಬಹುದು. ಈ ಜೋಡಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅಪಘಾತದ ಸುದ್ದಿಯನ್ನು ಓದುವ ರೀತಿಯೇ ಬದಲಾಗುತ್ತದೆ. ಅದಕ್ಕೆ ನಮ್ಮದೇ ನೆಲದ ಉದಾಹರಣೆ ಇದೆ. ಮಂಗಳೂರಿನದು.

2010ರ ಮೇ 22ರ ಬೆಳಗಿನ 6 ಗಂಟೆ 5 ನಿಮಿಷದ ಹೊತ್ತಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಬಜ್ಪೆಯ ರನ್‌ವೇಯಲ್ಲಿ ನಿಲ್ಲದೆ ಮುಂದೆ ಹೋಗಿ, ಬಲ ರೆಕ್ಕೆ ಆಂಟೆನಾ ಕಟ್ಟೆಗೆ ಬಡಿದು, ಬೇಲಿ ಮುರಿದು ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಎಂಟು ಮಂದಿ ಉಳಿದರು. ಕರಾವಳಿಯಲ್ಲಿ, ಕಾಸರಗೋಡಿನ ಕಡೆ, ಕೊಲ್ಲಿಯಲ್ಲಿ ದುಡಿಯುವವರ ಮನೆಗಳಲ್ಲಿ ಆ ದಿನವನ್ನು ಯಾರೂ ಮರೆತಿಲ್ಲ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ಅದೇ ವರ್ಷ ವರದಿ ಕೊಟ್ಟಿತು. ಆ ವರದಿಯಿಂದ ಜನರ ನೆನಪಿನಲ್ಲಿ ಉಳಿದದ್ದು ಒಂದೇ ಸಂಗತಿ: ಕ್ಯಾಪ್ಟನ್ ನಿದ್ದೆ ಮಾಡುತ್ತಿದ್ದರು, ಗೊರಕೆ ಧ್ವನಿಮುದ್ರಿಕೆಯಲ್ಲಿ ಕೇಳಿಸಿತು.

ಅದು ಸುಳ್ಳಲ್ಲ. ಆದರೆ ಅಷ್ಟನ್ನೇ ಕೇಳಿದವರಿಗೆ, ನಿದ್ದೆಯಲ್ಲಿದ್ದವರೇ ವಿಮಾನ ಇಳಿಸಿದರು ಎಂಬ ಚಿತ್ರ ಮೂಡುತ್ತದೆ. ನಡೆದದ್ದು ಹಾಗಲ್ಲ. ವಿಮಾನ ಇಳಿಯುವ ಹೊತ್ತಿಗೆ ಅವರು ಎದ್ದಿದ್ದರು, ಮಾತಾಡುತ್ತಿದ್ದರು, ನಿಯಂತ್ರಣ ಅವರ ಕೈಯಲ್ಲೇ ಇತ್ತು.

ಮೊದಲು ಪೆಟ್ಟಿಗೆಗಳ ವಿಷಯ. ಕಪ್ಪು ಪೆಟ್ಟಿಗೆ ಎಂದು ಕರೆದರೂ ಬಣ್ಣ ಕಿತ್ತಳೆ, ಬೂದಿಯ ನಡುವೆ ಹುಡುಕುವವರ ಕಣ್ಣಿಗೆ ಬೀಳಲಿ ಎಂದು. ಮಂಗಳೂರಿನ ವಿಮಾನದಲ್ಲಿ ಅವು ಎರಡಿದ್ದವು, ಎರಡೂ ಬಾಲದ ಕಡೆ. ಒಂದು ಹಾರಾಟದ ದತ್ತಾಂಶ ಬರೆದುಕೊಳ್ಳುವುದು. ಎತ್ತರ, ವೇಗ, ಮೂತಿ ಎಷ್ಟು ಮೇಲೆ ಎಷ್ಟು ಕೆಳಗೆ, ಎಂಜಿನ್ನಿನ ಬಲ, ಬ್ರೇಕಿನ ಒತ್ತಡ, ಚಕ್ರ ಇಳಿದಿದೆಯೇ ಇಲ್ಲವೇ, ಹೀಗೆ ನೂರಾರು ಅಳತೆಗಳು. ಕನಿಷ್ಠ 25 ಗಂಟೆಯ ಲೆಕ್ಕ ಅದರಲ್ಲಿರುತ್ತದೆ. ಇನ್ನೊಂದು ಕಾಕ್‌ಪಿಟ್ಟಿನ ಧ್ವನಿಯದು. ಅದರಲ್ಲಿ ನಾಲ್ಕು ಹಾದಿಗಳು. ಕ್ಯಾಪ್ಟನ್ನರ ಮೈಕ್ ಒಂದು, ಸಹ ಪೈಲಟ್ಟರ ಮೈಕ್ ಒಂದು, ಪ್ರಯಾಣಿಕರಿಗೆ ಮಾಡುವ ಘೋಷಣೆ ಮೊದಲಾದವುಗಳಿಗೆ ಒಂದು. ನಾಲ್ಕನೆಯದು ಇಡೀ ಕೋಣೆಯ ಸದ್ದನ್ನು ಹಿಡಿಯುವ ಮೈಕ್. ತನಿಖೆಯವರಿಗೆ ಹಲವು ಸಲ ಹೆಚ್ಚು ಉಪಯೋಗಕ್ಕೆ ಬರುವುದು ಈ ನಾಲ್ಕನೆಯದೇ. ಲಿವರ್ ಎಳೆದ ಟಕ್ ಎಂಬ ಸದ್ದು, ಕುರ್ಚಿ ಸರಿಸಿದ್ದು, ಎಚ್ಚರಿಕೆಯ ಗಂಟೆ, ಎಂಜಿನ್ನಿನ ದನಿ ಏರಿದ್ದು, ಯಾರೂ ಮಾತಾಡದ ಮೌನ, ಎಲ್ಲ ಅದರಲ್ಲಿ ಬರುತ್ತದೆ.

ಮಂಗಳೂರಿನಲ್ಲಿ ಧ್ವನಿಯ ಪೆಟ್ಟಿಗೆ ಮರುದಿನ ಸಿಕ್ಕಿತು. ದತ್ತಾಂಶದ್ದು ಸಿಕ್ಕಿದ್ದು ಇನ್ನೆರಡು ದಿನ ಕಳೆದು. ಇವುಗಳ ಒಳಗಿನ ನೆನಪಿನ ಘಟಕವನ್ನು 1,100 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಒಂದು ಗಂಟೆ ಇಟ್ಟರೂ ತಡೆಯುವಂತೆ ಮಾಡಿರುತ್ತಾರೆ. ಸುತ್ತಲಿನ ತಂತಿ, ತಗಡು, ಜೋಡಣೆಗಳಿಗೆ ಆ ಭಾಗ್ಯವಿಲ್ಲ. ಹಾಗಾಗಿ ಸುಟ್ಟ ಪೆಟ್ಟಿಗೆಗೆ ಕರೆಂಟ್ ಕೊಟ್ಟು ಓದಲು ಯಾರೂ ಹೋಗುವುದಿಲ್ಲ. ನೆನಪಿನ ಘಟಕವನ್ನು ಬಿಡಿಸಿ ತೆಗೆದು, ತಂತಿಗಳನ್ನು ಪರೀಕ್ಷಿಸಿ, ಅದೇ ಮಾದರಿಯ ಒಳ್ಳೆಯ ಪೆಟ್ಟಿಗೆಗೆ ಜೋಡಿಸಿ, ಒಳಗಿದ್ದದ್ದನ್ನು ಪ್ರತಿ ಮಾಡಿಕೊಳ್ಳುತ್ತಾರೆ. ತಪ್ಪು ತಂತಿಗೆ ವಿದ್ಯುತ್ ಹರಿದರೆ ಬೆಂಕಿ ಉಳಿಸಿದ್ದನ್ನು ತನಿಖೆಯವರೇ ಅಳಿಸಿದಂತಾದೀತು. 2010ರಲ್ಲಿ ಮಂಗಳೂರಿನ ಪೆಟ್ಟಿಗೆಗಳು ದೆಹಲಿಗೆ ಹೋಗಿ, ಅಲ್ಲಿಂದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ಪ್ರಯೋಗಾಲಯಕ್ಕೆ ಹೋದವು.

ಪ್ರತಿ ಮಾಡಿಕೊಂಡ ಮೇಲೆ ನಿಜವಾದ ಕೆಲಸ ಶುರು. ಕೈಯಲ್ಲಿ ಈಗ ಇಬ್ಬರು ಸಾಕ್ಷಿಗಳು. ಒಬ್ಬನಿಗೆ ಕಣ್ಣಿಲ್ಲ, ಕಿವಿ ಮಾತ್ರ. ಇನ್ನೊಬ್ಬನಿಗೆ ಕಿವಿಯಿಲ್ಲ, ಅಂಕಿ ಮಾತ್ರ. ಇಬ್ಬರ ಗಡಿಯಾರಗಳೂ ಬೇರೆ. ಮದುವೆಯ ವಿಡಿಯೊದಲ್ಲಿ ಸದ್ದು ಮತ್ತು ಚಿತ್ರ ತಾಳ ತಪ್ಪಿದ್ದನ್ನು ನೀವು ನೋಡಿರಬಹುದು. ಗಟ್ಟಿಮೇಳ ಮುಗಿದ ಮೇಲೆ ತಾಳಿ ಕಟ್ಟುವುದು ಕಾಣುತ್ತದೆ. ಎಡಿಟ್ ಮಾಡುವ ಹುಡುಗ ಏನು ಮಾಡುತ್ತಾನೆ? ಸದ್ದಿನಲ್ಲೂ ಚಿತ್ರದಲ್ಲೂ ಒಟ್ಟಿಗೆ ಗುರುತು ಹಿಡಿಯಬಹುದಾದ ಒಂದು ಕ್ಷಣ ಹುಡುಕುತ್ತಾನೆ. ತನಿಖೆಯವರೂ ಹಾಗೆಯೇ.

ಅವರಿಗೆ ಸಿಗುವ ಗಟ್ಟಿಮೇಳವೆಂದರೆ ರೇಡಿಯೊ ಗುಂಡಿ. ಪೈಲಟ್ ನೆಲದ ನಿಯಂತ್ರಣ ಕೊಠಡಿಯ ಜೊತೆ ಮಾತಾಡಲು ಗುಂಡಿ ಒತ್ತಿದರೆ, ದತ್ತಾಂಶದ ಪೆಟ್ಟಿಗೆಯಲ್ಲಿ ‘ಈಗ ಗುಂಡಿ ಒತ್ತಿದೆ’ ಎಂದು ದಾಖಲಾಗುತ್ತದೆ. ಏನು ಮಾತಾಡಿದರು ಎಂಬುದು ಅದಕ್ಕೆ ಗೊತ್ತಿಲ್ಲ. ಅದೇ ಮಾತು ಧ್ವನಿಯ ಪೆಟ್ಟಿಗೆಯಲ್ಲಿದೆ. ಅದೇ ಮಾತು ನೆಲದ ನಿಯಂತ್ರಣ ಕೊಠಡಿಯ ಮುದ್ರಿಕೆಯಲ್ಲೂ ಇದೆ, ಅಲ್ಲಿ ನಿಖರ ಗಡಿಯಾರವೂ ಇದೆ. ಒಂದೇ ಮಾತಿನ ಮೂರು ಗುರುತುಗಳು ಸಿಕ್ಕಿದವು. ಹಾರಾಟದುದ್ದಕ್ಕೂ ಇಂಥ ಮಾತು ಹತ್ತಾರು. ಒಂದನ್ನು ನಂಬದೆ ಅಷ್ಟನ್ನೂ ಹೊಂದಿಸಿ ನೋಡುತ್ತಾರೆ, ಏಕೆಂದರೆ ಗುಂಡಿಯ ಸ್ಥಿತಿಯನ್ನು ಪೆಟ್ಟಿಗೆ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಾತ್ರ ನೋಡಿ ಬರೆದುಕೊಳ್ಳುತ್ತದೆ. ಒಂದೇ ಗುರುತನ್ನು ನೆಚ್ಚಿದರೆ ಸುಮಾರು ಒಂದು ಸೆಕೆಂಡು ಆಚೀಚೆ ಆಗಬಹುದು.

ಒಂದು ಸೆಕೆಂಡು ತಾನೇ ಎನ್ನಬೇಡಿ. ಮಂಗಳೂರಿನಲ್ಲಿ ವಿಮಾನ ರನ್‌ವೇಯ ತುದಿಯನ್ನು ದಾಟಿದ್ದು 160 ನಾಟ್‌ಗಿಂತ ಹೆಚ್ಚು ವೇಗದಲ್ಲಿ. ಅಂದರೆ ಸೆಕೆಂಡಿಗೆ 80 ಮೀಟರಿಗೂ ಹೆಚ್ಚು. ಸಹ ಪೈಲಟ್ ‘ಮತ್ತೆ ಮೇಲೇಳೋಣ’ ಎಂದ ಮಾತು ಒಂದು ಸೆಕೆಂಡು ಹಿಂದೆ ಸರಿದರೆ ವಿಮಾನ 80 ಮೀಟರ್ ಹಿಂದಿತ್ತು ಎಂದಾಗುತ್ತದೆ. ಆ ಮಾತು ಬಂದದ್ದು ನೆಲ ಮುಟ್ಟುವ ಮುಂಚೆಯೋ ಮೇಲೋ, ಬ್ರೇಕ್ ಒತ್ತುವ ಮುಂಚೆಯೋ ಮೇಲೋ ಎನ್ನುವುದು ಇಡೀ ತನಿಖೆಯ ದಿಕ್ಕನ್ನೇ ತಿರುಗಿಸಬಹುದು.

ಈಗ ಆ ಬೆಳಗನ್ನು ಎರಡೂ ಪೆಟ್ಟಿಗೆಗಳಿಂದ ಒಟ್ಟಿಗೆ ನೋಡೋಣ.

ಧ್ವನಿಯ ಪೆಟ್ಟಿಗೆಯಲ್ಲಿದ್ದದ್ದು 2 ಗಂಟೆ 5 ನಿಮಿಷದ ಮುದ್ರಿಕೆ. ದುಬೈನಿಂದ ಮಂಗಳೂರಿಗೆ ಸುಮಾರು ಮೂರೂವರೆ ಗಂಟೆಯ ಹಾರಾಟ. ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುವ ಯಂತ್ರವಾದ್ದರಿಂದ, ಮೊದಲ ಒಂದೂವರೆ ಗಂಟೆಯ ಹತ್ತಿರ ಹತ್ತಿರ ಅಳಿಸಿಹೋಗಿದೆ. ಕ್ಯಾಪ್ಟನ್ ಯಾವಾಗ ಮಲಗಿದರು, ಮಲಗುವ ಮುಂಚೆ ಇಬ್ಬರೂ ಏನು ಮಾತಾಡಿಕೊಂಡರು ಎಂಬುದೆಲ್ಲ ಆ ಅಳಿಸಿದ ಭಾಗದಲ್ಲಿತ್ತು. ಉಳಿದದ್ದರಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು ಎಂದು ವರದಿ ಹೇಳುತ್ತದೆ. ಪೆಟ್ಟಿಗೆಗೆ ನಿದ್ದೆ ಎಂದರೇನು ಗೊತ್ತಿಲ್ಲವಲ್ಲ, ಹಾಗಾದರೆ ಇದನ್ನು ಹೇಗೆ ಹೇಳಿದರು? ಗೊರಕೆ ಮತ್ತು ಆಳವಾದ ಉಸಿರಾಟದ ಸದ್ದು ಆಗಾಗ ಕೇಳಿಸಿತು. ಇಬ್ಬರ ನಡುವೆ ಮಾತೇ ಇರಲಿಲ್ಲ. ಇವನ್ನು ಸೇರಿಸಿ ಬಂದ ತೀರ್ಮಾನ ಅದು. ಗಟ್ಟಿಯಾದ ತೀರ್ಮಾನವೇ. ಆದರೂ ತೀರ್ಮಾನ ಎಂಬ ಮಾತು ಇಲ್ಲಿ ಮುಖ್ಯ. ಮುಂದಿನ ಹೆಜ್ಜೆ ಇನ್ನೂ ಸೂಕ್ಷ್ಮ. ಗಾಢ ನಿದ್ದೆಯಿಂದ ಎದ್ದವರಿಗೆ ಸ್ವಲ್ಪ ಹೊತ್ತು ಮಂಪರು ಇರುತ್ತದೆ, ಅದೂ ದೇಹ ನಿದ್ದೆ ಬೇಡುವ ಬೆಳಗಿನ ಜಾವದಲ್ಲಿ. ಅದು ಅವರ ವಿವೇಚನೆಯನ್ನು ಮಸುಕು ಮಾಡಿರಬಹುದು ಎಂದು ವರದಿ ಹೇಳಿತು. ಇದನ್ನು ಯಾವ ಯಂತ್ರವೂ ಅಳೆದಿಲ್ಲ. ನಿದ್ದೆಯ ಕುರಿತ ವೈದ್ಯಕೀಯ ತಿಳಿವಳಿಕೆಯನ್ನು ಧ್ವನಿಯ ಪಕ್ಕದಲ್ಲಿಟ್ಟು ಹೇಳಿದ ಮಾತು.

ಮುದ್ರಿಕೆಯ ಕೊನೆಯ 25 ನಿಮಿಷಗಳಲ್ಲಿ ವಿಮಾನ ಕೆಳಗಿಳಿಯತೊಡಗಿತು. ಇಲ್ಲಿಂದ ದತ್ತಾಂಶದ ಪೆಟ್ಟಿಗೆಯ ಮಾತು ಜೋರಾಗುತ್ತದೆ. ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಬರಬೇಕು. ಬಾಯಿಲೆಕ್ಕದಲ್ಲಿ ಹೇಳುವುದಾದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿಯಬೇಕು. ಎತ್ತರದ ಅಂಕಿಗಳನ್ನು ದೂರದ ಅಂಕಿಗಳ ಜೊತೆ ಹಾಳೆಯ ಮೇಲೆ ಬರೆದರೆ ವಿಮಾನ ಬಂದ ಗೆರೆ ಕಾಣುತ್ತದೆ. ಅದರ ಪಕ್ಕದಲ್ಲಿ ಬರಬೇಕಾಗಿದ್ದ ಗೆರೆ ಎಳೆದರೆ, ಕೊನೆಯ ಹಂತದಲ್ಲಿ ವಿಮಾನ ಇರಬೇಕಾದುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರದಲ್ಲಿತ್ತು.

ಅದನ್ನು ಕಂಡ ಮೇಲೆ ಕ್ಯಾಪ್ಟನ್ ಬಹಳ ಕಡಿದಾಗಿ ಇಳಿಸಿದರು. ನೆಲ ವೇಗವಾಗಿ ಹತ್ತಿರವಾಗುತ್ತಿದೆ ಎಂದು ಎಚ್ಚರಿಸುವ ಯಂತ್ರ ಮತ್ತೆ ಮತ್ತೆ ಕೂಗಿತು. ಸಹ ಪೈಲಟ್ ‘ಗೋ ಅರೌಂಡ್’ ಎಂದರು, ಅಂದರೆ ಇಳಿಯುವುದು ಬೇಡ, ಮೇಲೆದ್ದು ಒಂದು ಸುತ್ತು ಹಾಕಿ ಬರೋಣ. ಒಂದು ಸಲ ಅಲ್ಲ, ಮೂರು ಸಲ. ಇಬ್ಬರಿಗೂ ಬೇರೆ ಬೇರೆ ಮೈಕ್ ಇದ್ದುದರಿಂದ ಯಾರ ಮಾತು ಎಂಬ ಸಂಶಯಕ್ಕೆ ಎಡೆಯಿಲ್ಲ. ಆಗ ಎತ್ತರ ಎಷ್ಟಿತ್ತು, ವೇಗ ಎಷ್ಟಿತ್ತು ಎಂಬುದು ಇನ್ನೊಂದು ಪೆಟ್ಟಿಗೆಯಿಂದ ಸಿಗುತ್ತದೆ. ಬರೀ ಧ್ವನಿ ಇದ್ದಿದ್ದರೆ ಇಬ್ಬರ ನಡುವಿನ ಭಿನ್ನಾಭಿಪ್ರಾಯದಂತೆ ಕೇಳಿಸುತ್ತಿತ್ತು. ಅಂಕಿಗಳನ್ನು ಪಕ್ಕದಲ್ಲಿಟ್ಟಾಗ, ಸರಿ ಹೇಳುತ್ತಿದ್ದವರು ಸಹ ಪೈಲಟ್ ಎಂದು ಗೊತ್ತಾಗುತ್ತದೆ.

ರನ್‌ವೇಯ ಆರಂಭವನ್ನು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಿತ್ತು. ದಾಟಿದ್ದು ಸುಮಾರು 200 ಅಡಿ ಎತ್ತರದಲ್ಲಿ. ಹೆಚ್ಚಿಗೆ ಬಂದ 150 ಅಡಿ ಕೇಳಲು ಅಂಥದ್ದೇನಲ್ಲ, ಒಂದು ತೆಂಗಿನ ಮರದ ಮೇಲೆ ಇನ್ನೊಂದನ್ನು ಇಟ್ಟಷ್ಟು. ಆದರೆ ಮೂರು ಡಿಗ್ರಿ ಇಳಿಜಾರಿನಲ್ಲಿ ಅಷ್ಟು ಎತ್ತರ ಕರಗಿಸಲು ಸುಮಾರು 2,860 ಅಡಿ ಉದ್ದ ಬೇಕು. ಇದು ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕ, ನಾವೇ ಮಾಡಿದ್ದು. ಸಾಮಾನ್ಯವಾಗಿ ಚಕ್ರ ನೆಲ ಮುಟ್ಟುವುದು ರನ್‌ವೇಯ ಮೊದಲ 1,000 ಅಡಿಯ ಆಸುಪಾಸಿನಲ್ಲಿ. ಅದಕ್ಕೆ ಈ 2,860 ಸೇರಿಸಿದರೆ 3,900ರ ಹತ್ತಿರ. ಹೆಚ್ಚಿನ ವೇಗದಿಂದಾಗಿ ವಿಮಾನ ನೆಲದ ಮೇಲೆ ತೇಲಿಕೊಂಡು ಮುಂದೆ ಹೋಗುವುದೂ ಇದೆ. ವರದಿಯ ಪ್ರಕಾರ ಚಕ್ರ ಮೊದಲು ತಾಗಿದ್ದು ಸುಮಾರು 4,500 ಅಡಿಯಲ್ಲಿ. ಆಮೇಲೆ ಒಮ್ಮೆ ಪುಟಿದು, ಗಟ್ಟಿಯಾಗಿ ಕೂತದ್ದು 5,200 ಅಡಿಯಲ್ಲಿ. ನಮ್ಮ ಒರಟು ಲೆಕ್ಕ ನಿಜವಾದ ಇಳಿಜಾರನ್ನು ಹಿಡಿಯುವುದಿಲ್ಲ, ಆದರೂ ಇಷ್ಟು ದೂರ ಹೋದದ್ದೇಕೆ ಎಂಬುದನ್ನು ತೋರಿಸುತ್ತದೆ.

ಚಕ್ರ ಎಲ್ಲಿ ನೆಲ ಮುಟ್ಟಿತೆಂದು ಪೆಟ್ಟಿಗೆಯಿಂದ ತಿಳಿಯುವುದು ಹೇಗೆ ಎಂದು ನಮಗೂ ಕುತೂಹಲವಿತ್ತು. ಮೈಲಿಗಲ್ಲು ನೋಡಿ ಬರೆದುಕೊಳ್ಳುವ ಯಂತ್ರವಲ್ಲ ಅದು. ವಿಮಾನದ ಮೈ ಮೇಲೆ ಕೆಳಗೆ ಕುಲುಕುವುದನ್ನು ಪೆಟ್ಟಿಗೆ ಸೆಕೆಂಡಿಗೆ ಎಂಟು ಸಲ ಬರೆದುಕೊಳ್ಳುತ್ತದೆ. ಚಕ್ರ ಬಡಿದ ಕ್ಷಣದಲ್ಲಿ ಆ ಗೆರೆ ಮುಳ್ಳಿನಂತೆ ಮೇಲೇಳುತ್ತದೆ. ಪುಟಿದು ಮತ್ತೆ ಬಡಿದರೆ ಎರಡು ಮುಳ್ಳು. ಹೀಗೆ ಕ್ಷಣ ಸಿಕ್ಕಿತು. ಸ್ಥಳಕ್ಕಾಗಿ ಹಿಂದಿನಿಂದ ಲೆಕ್ಕ ಹಾಕಬಹುದು. ವಿಮಾನ ಕೊನೆಗೆ ಎಲ್ಲಿ ಬಡಿಯಿತೆಂಬುದು ನೆಲದ ಮೇಲೆ ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಹಿಂದಕ್ಕೆ, ಪ್ರತಿ ಸೆಕೆಂಡಿನ ವೇಗವನ್ನು ಕೂಡಿಸುತ್ತಾ ಬಂದರೆ ಮುಳ್ಳಿನ ಕ್ಷಣದಲ್ಲಿ ವಿಮಾನ ಎಲ್ಲಿತ್ತೆಂದು ತಿಳಿಯುತ್ತದೆ. ರನ್‌ವೇ ಮೇಲಿನ ಟೈರಿನ ಗುರುತುಗಳ ಜೊತೆ ಅದನ್ನು ತಾಳೆ ನೋಡಬಹುದು. ಪೊಲೀಸರ ಮಹಜರಿನ ಹಾಗೆ ನೆಲದ ಗುರುತನ್ನು ಅಳೆದು ಬರೆದಿಡುವ ಕೆಲಸ ಇಲ್ಲೂ ತಪ್ಪಿದ್ದಲ್ಲ.

ಬಜ್ಪೆಯ ಆ ರನ್‌ವೇ 8,033 ಅಡಿ ಉದ್ದ. 5,200 ಅಡಿಯಲ್ಲಿ ಕೂತ ವಿಮಾನಕ್ಕೆ ಉಳಿದದ್ದು 2,800 ಅಡಿ ಚಿಲ್ಲರೆ. ವೇಗ ತಗ್ಗದಿದ್ದರೆ ಹತ್ತು ಹನ್ನೆರಡು ಸೆಕೆಂಡಿನ ಹಾದಿ. ಈ ಕೆಲವೇ ಸೆಕೆಂಡುಗಳಲ್ಲಿ ಏನಾಯಿತು ಎನ್ನುವುದನ್ನು ಬದುಕುಳಿದ ಯಾರೂ ಹೇಳಲಾರರು, ಏಕೆಂದರೆ ಕಾಕ್‌ಪಿಟ್ಟಿನಲ್ಲಿದ್ದ ಇಬ್ಬರೂ ಉಳಿಯಲಿಲ್ಲ. ಪೆಟ್ಟಿಗೆ ಹೇಳಿತು. ಕ್ಯಾಪ್ಟನ್ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸರ್ ಬಳಸಿದರು, ಬ್ರೇಕ್ ಹಾಕಿದರು. ಬ್ರೇಕ್ ಹಾಕಿ ಆರು ಸೆಕೆಂಡು ಕಳೆಯುವುದರೊಳಗೆ ಮನಸ್ಸು ಬದಲಾಯಿಸಿ ಮತ್ತೆ ಮೇಲೇಳಲು ನೋಡಿದರು. ರಿವರ್ಸರ್ ಬಳಸಿದ ಮೇಲೆ ಹಾರಲು ಪ್ರಯತ್ನಿಸಬಾರದು, ನಿಲ್ಲಿಸಲೇಬೇಕು ಎಂಬುದು ಬೋಯಿಂಗ್‌ನ ನಿಯಮ. ಅವಶೇಷಗಳಲ್ಲಿ ಎಂಜಿನ್ನಿನ ಬಲ ಹೆಚ್ಚಿಸುವ ಲಿವರ್ ಮುಂದಕ್ಕೆ ತಳ್ಳಿದ ಸ್ಥಿತಿಯಲ್ಲೇ ಸಿಕ್ಕಿತು. ಬಡಿತಕ್ಕೆ ಲಿವರ್ ತಾನಾಗಿ ಸರಿದಿರಬಹುದು ಎಂಬ ಸಂಶಯ ಬರುವುದು ಸಹಜ. ಅದಕ್ಕೆ ಅಂಕಿಗಳ ಜೊತೆ ತಾಳೆ ನೋಡುತ್ತಾರೆ. ಒಂದನ್ನು ನೋಡಿ ಇನ್ನೊಂದನ್ನು ನಂಬುವುದು ಈ ಕೆಲಸದ ಕ್ರಮ.

ಇನ್ನೊಂದು ಲೆಕ್ಕವನ್ನು ಬೋಯಿಂಗ್ ಮಾಡಿ ಕೊಟ್ಟಿತು, ಓದುವಾಗ ಹೊಟ್ಟೆ ಹಿಂಡುತ್ತದೆ. 5,200 ಅಡಿಯಲ್ಲಿ ಕೂತ ಮೇಲೂ, ಕೂತ ತಕ್ಷಣ ಪೂರ್ತಿ ಬ್ರೇಕ್ ಒತ್ತಿ ರಿವರ್ಸರ್ ಬಳಸಿದ್ದರೆ ವಿಮಾನ 7,600 ಅಡಿಯಲ್ಲಿ ನಿಲ್ಲುತ್ತಿತ್ತು. ರನ್‌ವೇ ಮುಗಿಯಲು 400 ಅಡಿಗೂ ಹೆಚ್ಚು ಬಾಕಿ ಇರುತ್ತಿತ್ತು. ಪೆಟ್ಟಿಗೆಯ ಅಂಕಿಗಳಿಂದ ಆದದ್ದನ್ನು ಮಾತ್ರವಲ್ಲ, ಆಗಬಹುದಾಗಿದ್ದನ್ನೂ ಲೆಕ್ಕ ಹಾಕಬಹುದು ಎಂಬುದಕ್ಕೆ ಇದು ಉದಾಹರಣೆ.

ಇಷ್ಟರ ಮೇಲೆ ತನಿಖೆ ಮುಗಿಯಿತು ಎಂದುಕೊಂಡರೆ, ಒಬ್ಬ ಮನುಷ್ಯನ ಮೇಲೆ ಎಲ್ಲ ಹೊರಿಸಿ ಎದ್ದು ಹೋಗಬಹುದು. ವರದಿಯೂ ನೇರ ಕಾರಣವೆಂದು ಹೇಳಿದ್ದು ಅದನ್ನೇ: ಸಹ ಪೈಲಟ್ ಮೂರು ಸಲ ಹೇಳಿದರೂ, ಯಂತ್ರ ಹಲವು ಸಲ ಎಚ್ಚರಿಸಿದರೂ, ಕ್ಯಾಪ್ಟನ್ ಹದ ತಪ್ಪಿದ ಇಳಿತವನ್ನು ಕೈಬಿಡಲಿಲ್ಲ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪೆಟ್ಟಿಗೆಗಳು ಎರಡು ಪ್ರಶ್ನೆಗಳನ್ನು ಎತ್ತಿಟ್ಟು ತಾವು ಸುಮ್ಮನಾದವು. ಆ ಪ್ರಶ್ನೆಗಳ ಉತ್ತರ ಸಿಕ್ಕಿದ್ದು ಪೆಟ್ಟಿಗೆಯಲ್ಲಲ್ಲ, ಕಾಗದಪತ್ರಗಳಲ್ಲಿ. ಸುದ್ದಿಯಲ್ಲಿ ಗೊರಕೆಗೆ ಸಿಕ್ಕ ಜಾಗ ಇವುಗಳಿಗೆ ಸಿಗಲಿಲ್ಲ.

ಮೊದಲ ಪ್ರಶ್ನೆ: ವಿಮಾನ ಅಷ್ಟು ಎತ್ತರದಲ್ಲಿ ಏಕಿತ್ತು? ನಿಯಂತ್ರಣ ಕೊಠಡಿಯ ದಾಖಲೆ ತೆಗೆದು ನೋಡಿದರೆ, ಮಂಗಳೂರಿನ ರೇಡಾರ್ ಮೇ 20ರಿಂದ ಕೆಟ್ಟಿತ್ತು. ರೇಡಾರ್ ಇಲ್ಲದ ಕಾರಣ ಇಳಿಯಲು ಅನುಮತಿ ಕೊಟ್ಟದ್ದು ಮಾಮೂಲಿಗಿಂತ ಹತ್ತಿರ ಬಂದ ಮೇಲೆ. ಕಡಿಮೆ ದೂರದಲ್ಲಿ ಹೆಚ್ಚು ಎತ್ತರ ಕಳೆದುಕೊಳ್ಳಬೇಕಾಯಿತು. ಪೈಲಟ್‌ಗಳು ಅದಕ್ಕೆ ತಕ್ಕಂತೆ ಇಳಿತವನ್ನು ಸರಿಯಾಗಿ ಯೋಜಿಸಲಿಲ್ಲ ಎಂದೂ ವರದಿ ಹೇಳಿದೆ, ಅದು ನ್ಯಾಯವೇ. ಆದರೂ ಕೆಟ್ಟ ರೇಡಾರ್ ಆ ಎತ್ತರದ ಗೆರೆಯಲ್ಲಿ ಅಂಕಿಯಾಗಿ ಕಾಣುವುದಿಲ್ಲ. ಅದನ್ನು ಹುಡುಕಿಕೊಂಡು ಹೋಗಬೇಕು.

ಎರಡನೆಯ ಪ್ರಶ್ನೆ ನಮ್ಮನ್ನು ಹೆಚ್ಚು ಕಾಡುವುದು. ಮೂರು ಸಲ ಬೇಡ ಎಂದ ಸಹ ಪೈಲಟ್ ನಿಯಂತ್ರಣವನ್ನು ತನ್ನ ಕೈಗೆ ಏಕೆ ತೆಗೆದುಕೊಳ್ಳಲಿಲ್ಲ? ಅವರ ಮುಂದೆಯೂ ಅದೇ ನಿಯಂತ್ರಣಗಳಿದ್ದವು. ಧ್ವನಿಯ ಪೆಟ್ಟಿಗೆ ಅವರು ಹೇಳಿದ್ದನ್ನು ಉಳಿಸಿಕೊಂಡಿತು, ಮಾಡದೇ ಬಿಟ್ಟದ್ದಕ್ಕೆ ಕಾರಣವನ್ನು ಅದು ಉಳಿಸಲಾರದು. ತನಿಖೆಯವರು ನಿಯಮಗಳನ್ನು, ಸೂಚನೆಗಳನ್ನು ತೆಗೆದು ಓದಿದರು. ಇಳಿಯುವುದನ್ನು ಕೈಬಿಟ್ಟು ಮೇಲೇಳಲು ಸಹ ಪೈಲಟ್ಟಿಗೆ ಯಾವಾಗ ಅಧಿಕಾರವಿದೆ ಎಂಬ ಬಗ್ಗೆ ಬೇರೆ ಬೇರೆ ಸೂಚನೆಗಳಲ್ಲಿ ಸ್ಪಷ್ಟತೆ ಇರಲಿಲ್ಲ. ಬಹುಶಃ ಅದೇ ಕಾರಣಕ್ಕೆ ಅವರು ಹೇಳುತ್ತಲೇ ಇದ್ದರು, ಕೈ ಹಾಕಲಿಲ್ಲ ಎಂದು ವರದಿ ಬರೆಯಿತು. ‘ಬಹುಶಃ’ ಎಂಬ ಪದವನ್ನು ವರದಿ ಬಿಡಲಿಲ್ಲ, ಅದನ್ನು ನಾವು ಮೆಚ್ಚುತ್ತೇವೆ. ಹಿರಿಯರ ಮುಂದೆ ತಪ್ಪು ಎಂದು ಹೇಳಬಹುದು, ಆದರೆ ಅವರ ಕೈಯಿಂದ ಕಿತ್ತುಕೊಳ್ಳಬಾರದು ಎಂಬ ಅಭ್ಯಾಸ ಕಾಕ್‌ಪಿಟ್ಟಿಗೆ ಮಾತ್ರ ಸೇರಿದ್ದಲ್ಲ ಎಂದು ಇಲ್ಲಿ ಓದುವ ಯಾರಿಗೂ ವಿವರಿಸಬೇಕಿಲ್ಲ.

ಇಬ್ಬರು ಪೈಲಟ್‌ಗಳ ಹೆಸರೂ ಆಗಲೇ ಪತ್ರಿಕೆಗಳಲ್ಲಿ ಬಂದಿವೆ. ಇಲ್ಲಿ ಅವು ಬೇಕಿಲ್ಲ ಎನಿಸಿ ಬರೆದಿಲ್ಲ.

ಈ ಹಳೆಯ ವರದಿಯನ್ನು ಮತ್ತೆ ತೆಗೆಯಲು ಕಾರಣ ಅಹಮದಾಬಾದ್. 2025ರ ಜೂನ್ 12ರಂದು ಲಂಡನ್ನಿಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಮಂದಿ ಸತ್ತರು. ಒಂದು ತಿಂಗಳಿಗೆ ಪ್ರಾಥಮಿಕ ವರದಿ ಬಂತು. ಈ ಸಲ ಪೆಟ್ಟಿಗೆಯನ್ನು ಓದಿದ್ದು ದೆಹಲಿಯ ಪ್ರಯೋಗಾಲಯದಲ್ಲೇ. 787ರಲ್ಲಿ ಧ್ವನಿ ಮತ್ತು ದತ್ತಾಂಶಗಳೆರಡೂ ಒಂದೇ ಪೆಟ್ಟಿಗೆಯಲ್ಲಿ ಸೇರುತ್ತವೆ, ಅಂಥ ಪೆಟ್ಟಿಗೆಗಳು ಮುಂದೊಂದು ಹಿಂದೊಂದು ಇರುತ್ತವೆ. ಹಿಂದಿನದು ತೀರಾ ಹಾಳಾಗಿತ್ತು. ಮುಂದಿನದರಿಂದ 49 ಗಂಟೆಯಷ್ಟು ದತ್ತಾಂಶ ಮತ್ತು ಎರಡು ಗಂಟೆಯ ಧ್ವನಿ ಸಿಕ್ಕಿತು.

ಆ ವರದಿಯ ಪ್ರಕಾರ ಮಧ್ಯಾಹ್ನ 1 ಗಂಟೆ 38 ನಿಮಿಷ 42 ಸೆಕೆಂಡಿನ ಹೊತ್ತಿಗೆ ಎರಡು ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಒಂದಾದ ಮೇಲೊಂದು ‘ಬಂದ್’ ಸ್ಥಿತಿಗೆ ಹೋದವು. ಮೊದಲನೆಯದು 52ನೇ ಸೆಕೆಂಡಿಗೆ, ಎರಡನೆಯದು 56ನೇ ಸೆಕೆಂಡಿಗೆ ಮತ್ತೆ ‘ಚಾಲು’ ಸ್ಥಿತಿಗೆ ಬಂದವು. 1 ಗಂಟೆ 39 ನಿಮಿಷ 11 ಸೆಕೆಂಡಿಗೆ ಮುದ್ರಣವೇ ನಿಂತಿತು. ಧ್ವನಿಯಿಂದ ವರದಿ ತೆಗೆದುಕೊಂಡದ್ದು ಬಹಳ ಕಡಿಮೆ. ಒಬ್ಬ ಪೈಲಟ್ ಇನ್ನೊಬ್ಬರನ್ನು ಏಕೆ ಬಂದ್ ಮಾಡಿದಿರಿ ಎಂದು ಕೇಳುತ್ತಾರೆ, ಇನ್ನೊಬ್ಬರು ತಾನು ಮಾಡಿಲ್ಲ ಎನ್ನುತ್ತಾರೆ ಎಂಬ ವಿಷಯ, ಅದೂ ಅವರ ಮಾತಿನಲ್ಲಲ್ಲ, ವರದಿಯ ಮಾತಿನಲ್ಲಿ.

ಅಷ್ಟು ಸಾಕಾಯಿತು. ಅದೇ ದಿನದಿಂದ ದೇಶವೆಲ್ಲ ಯಾವ ಪೈಲಟ್ ಎಂದು ತೀರ್ಪು ಕೊಡಲು ಕೂತಿತು. ಮಂಗಳೂರಿನ ವರದಿ ಓದಿದವರು ಇಲ್ಲಿ ಎರಡು ಸಲ ತಡೆದು ನಿಲ್ಲುತ್ತಾರೆ. ಒಂದು, ದತ್ತಾಂಶದ ಪೆಟ್ಟಿಗೆ ಬರೆದುಕೊಳ್ಳುವುದು ಸ್ವಿಚ್ಚಿನಿಂದ ಬಂದ ವಿದ್ಯುತ್ ಸಂಕೇತವನ್ನು, ಕೈಯನ್ನಲ್ಲ. ಯಾರ ಬೆರಳು, ಅಥವಾ ಬೆರಳೇ ಹೌದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು: ಕೋಣೆಯ ಮೈಕಿನಲ್ಲಿ ಸ್ವಿಚ್ ಸರಿದ ಸದ್ದು ಇದೆಯೇ, ಅವಶೇಷದಲ್ಲಿ ಸಿಕ್ಕ ಸ್ವಿಚ್ಚಿನ ಒಳಭಾಗ ಹೇಗಿದೆ, ಆ ಸ್ವಿಚ್ಚಿನ ದುರಸ್ತಿಯ ದಾಖಲೆ ಏನು ಹೇಳುತ್ತದೆ. ಎರಡು, ಪೈಲಟ್‌ಗಳಿಗೆ ಬೇರೆ ಬೇರೆ ಮೈಕ್ ಇರುವಾಗ ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂದು ಗುರುತಿಸುವ ದಾರಿ ತನಿಖೆಯವರ ಬಳಿ ಇತ್ತು. ವರದಿ ಅದನ್ನು ಹೇಳಲಿಲ್ಲ.

ಧ್ವನಿಮುದ್ರಿಕೆಯನ್ನು ಕಾಪಾಡಬೇಕು, ಬೇಕಾದಂತೆ ಹಂಚಬಾರದು ಎಂಬ ಅಂತರರಾಷ್ಟ್ರೀಯ ನಿಯಮವನ್ನು ನಾವು ಒಪ್ಪುತ್ತೇವೆ. ಸಾಯುವ ಮುಂಚಿನ ಮಾತುಗಳು ಟಿವಿಯಲ್ಲಿ ಬರಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಎರಡು ಗಂಟೆಯ ಮುದ್ರಿಕೆಯಿಂದ ಒಂದೇ ವಿಷಯವನ್ನು ಎತ್ತಿ ಹೊರಗಿಡುವುದು ಕಾಪಾಡುವುದೂ ಅಲ್ಲ, ತಿಳಿಸುವುದೂ ಅಲ್ಲ. ಒಂದೋ ಅಂತಿಮ ವರದಿಯವರೆಗೆ ಧ್ವನಿಯನ್ನು ಪೂರ್ತಿ ಮುಚ್ಚಿಡಿ, ಇಲ್ಲವೇ ಕೊಡುವಷ್ಟನ್ನು ಸಮಯದ ಸಮೇತ ಕೊಡಿ ಎಂಬುದು ನಮ್ಮ ವಾದ. ಸ್ವಿಚ್‌ಗಳಿಗೆ ಸೆಕೆಂಡುಗಳ ಲೆಕ್ಕ ಕೊಟ್ಟ ಆ ಪ್ರಾಥಮಿಕ ವರದಿ ಮಾತಿಗೆ ಮಾತ್ರ ಸೆಕೆಂಡು ಕೊಟ್ಟಿಲ್ಲ. ಮಂಗಳೂರಿನಲ್ಲಿ ಎರಡು ಗಡಿಯಾರಗಳನ್ನು ಹೊಂದಿಸಲು ರೇಡಿಯೊ ಗುಂಡಿಯ ಗುರುತು ಹುಡುಕಬೇಕಿತ್ತು. ಅಹಮದಾಬಾದಿನ ಪೆಟ್ಟಿಗೆಯಲ್ಲಿ ಧ್ವನಿಯೂ ಅಂಕಿಯೂ ಒಂದೇ ಕಡೆ ಇದ್ದವು. ‘ಏಕೆ ಬಂದ್ ಮಾಡಿದಿರಿ’ ಎಂಬ ಪ್ರಶ್ನೆ ಬಂದದ್ದು ಮೊದಲ ಸ್ವಿಚ್ ಬಂದ್ ಆಗಿ ಎಷ್ಟು ಸೆಕೆಂಡಿಗೆ, ಮತ್ತೆ ಚಾಲು ಆಗುವುದಕ್ಕೆ ಎಷ್ಟು ಸೆಕೆಂಡು ಮುಂಚೆ ಎಂದು ಆ ವರದಿ ಬರೆದವರಿಗೆ ತಿಳಿಯಬಹುದಿತ್ತು. ಓದಿದ ನಮಗೆ ಆ ದಾರಿ ಇರಲಿಲ್ಲ.